ಓದುಗರ ಪ್ರಶ್ನೆ: ಕೆಟ್ಟ ಪೀಸು ಸಿಕ್ಕರೆ ಹಳೆಯ ಲೇತನ್ನೇ ಏಕೆ ಬೈಯಬಾರದು?

ಈ ಪ್ರಶ್ನೆ ನನಗೆ ವರ್ಷಕ್ಕೆ ನಾಲ್ಕಾರು ಸಲ ಬರುತ್ತದೆ. ಪ್ರತಿ ಸಲವೂ ಬೇರೆ ವೇಷ. ಒಮ್ಮೆ ಬೋಲ್ಟು, ಒಮ್ಮೆ ಬಲ್ಬು, ಒಮ್ಮೆ ಪೆನ್ನಿನ ರೀಫಿಲ್ಲು. ಯಂತ್ರಗಳು ಮಾತ್ರ ಯಾವಾಗಲೂ ಮೂರೇ. ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾದಾಗ ಮಕ್ಕಳು ಕೇಳುತ್ತಾರೆ; ಮಕ್ಕಳಿಗೆ ಹೇಳಿಕೊಡಲು ಕುಳಿತು ಸೋತ ಅಪ್ಪಂದಿರೂ ಕೇಳುತ್ತಾರೆ. ಈ ಸಲ ಕೇಳಿದವರು ನಿಜವಾಗಿಯೂ ಯಂತ್ರಗಳ ನಡುವೆ ನಿಂತು ಕೆಲಸ ಮಾಡುವವರು, ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಶಿಫ್ಟ್ ಸೂಪರ್‌ವೈಸರ್. ಆದ್ದರಿಂದ ಇನ್ನೊಮ್ಮೆ ಬರೆಯಲು ಬೇಸರವಾಗಲಿಲ್ಲ. ಸ್ವಲ್ಪ ಆಯಿತು, ಹೆಚ್ಚಾಗಲಿಲ್ಲ.

ಅವರು ಬರೆದದ್ದು ಇಷ್ಟು: "ಸಾರ್, ನಮ್ಮಲ್ಲಿ ಮೂರು ಲೇತ್‌ಗಳು ಒಂದೇ ಅಳತೆಯ ಬುಷ್ ಮಾಡುತ್ತವೆ. ಮೂರರ ಮಾಲೂ ಒಂದೇ ಬಿನ್ನಿಗೆ ಬೀಳುತ್ತದೆ. ಕೊನೆಯ ತಪಾಸಣೆಯಲ್ಲಿ ಕೆಟ್ಟ ಪೀಸು ಸಿಕ್ಕರೆ ಅದು ಹಳೆಯ ಲೇತ್ ಎಂ-3ರದ್ದೇ ಎಂದು ಎಲ್ಲರೂ ಹೇಳುತ್ತೇವೆ, ಏಕೆಂದರೆ ಅದರ ರಿಜೆಕ್ಷನ್ನೇ ಎಲ್ಲಕ್ಕಿಂತ ಹೆಚ್ಚು. ನನ್ನ ಮಗಳು ಬೇಯ್ಸ್ ಸೂತ್ರ ಹಾಕಿ, ಅದು ಎಂ-1ರದ್ದಾಗಿರುವ ಸಾಧ್ಯತೆಯೇ ಹೆಚ್ಚು ಎನ್ನುತ್ತಾಳೆ. ಅತಿ ಕಡಿಮೆ ರಿಜೆಕ್ಷನ್ ಇರುವ ಯಂತ್ರವೇ ಅಪರಾಧಿ ಎಂದರೆ ಒಪ್ಪುವುದು ಹೇಗೆ? ವಾರದ ಪಟ್ಟಿಯ ಫೋಟೋ ಕಳಿಸಿದ್ದೇನೆ."

ಮಗಳು ಹೇಳಿದ್ದು ಸರಿ. ಅಪ್ಪ ಒಪ್ಪದಿರುವುದಕ್ಕೂ ಕಾರಣವಿದೆ, ಅದಕ್ಕೆ ಬರುತ್ತೇನೆ. ಮೊದಲು ಫೋಟೋ ನೋಡೋಣ.

ಗೋಡೆಯ ಬೋರ್ಡಿಗೆ ಸಿಕ್ಕಿಸಿದ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಟ್ಟಿ ಅದು. ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಮೂರನೇ ಸಾಲಿನ ಮೇಲೆ ಬಿದ್ದು, ಎಂ-3ರ ರಿಜೆಕ್ಷನ್ ಅಂಕಿ ಬಿಳಿಯ ಗೆರೆಯೊಳಗೆ ಮುಳುಗಿಹೋಗಿದೆ. 6 ಇರಬಹುದು, 8 ಇರಬಹುದು, ಮನಸ್ಸು ಮಾಡಿದರೆ 5 ಎಂದೂ ಓದಬಹುದು. ಉಳಿದದ್ದು ಸ್ಪಷ್ಟವಾಗಿದೆ:

| ಯಂತ್ರ | ವಾರದ ಉತ್ಪಾದನೆ | ರಿಜೆಕ್ಷನ್ ಶೇ |
|---|---|---|
| ಎಂ-1 | 6000 | 2 |
| ಎಂ-2 | 3000 | 3 |
| ಎಂ-3 | 1000 | ಕಾಣಿಸುತ್ತಿಲ್ಲ |

ಪಟ್ಟಿಯ ಕೆಳಗೆ ಯಾರೋ ಕೆಂಪು ಪೆನ್ನಿನಲ್ಲಿ ಎರಡು ಮಾತು ಬರೆದಿದ್ದಾರೆ: "ಒಟ್ಟು ರಿಜೆಕ್ಟ್ 270" ಮತ್ತು "ಸರಾಸರಿ ಶೇ 3.67".

ಕಾಣದ ಅಂಕಿಯನ್ನು ಕೇಳಲು ಫೋನ್ ಮಾಡಬೇಕಾಗಲಿಲ್ಲ. ಎಂ-1 ಮಾಡಿದ 6000ದಲ್ಲಿ ಶೇ 2 ಎಂದರೆ 120 ಪೀಸು. ಎಂ-2ರ 3000ದಲ್ಲಿ ಶೇ 3 ಎಂದರೆ 90. ಎರಡೂ ಸೇರಿ 210. ಒಟ್ಟು 270 ಎಂದ ಮೇಲೆ ಉಳಿದ 60 ಎಂ-3ರದ್ದೇ ಆಗಬೇಕು. 1000ಕ್ಕೆ 60, ಅಂದರೆ ಶೇ 6. ಪಠ್ಯಪುಸ್ತಕ ಇದಕ್ಕೆ ಒಟ್ಟು ಸಂಭವನೀಯತೆಯ ಪ್ರಮೇಯ ಎಂದು ದೊಡ್ಡ ಹೆಸರಿಟ್ಟು, ಅದರ ಮುಂದೆ ಒಂದು ಸಿಗ್ಮಾ ನಿಲ್ಲಿಸಿ ಮಕ್ಕಳನ್ನು ಹೆದರಿಸುತ್ತದೆ. ಅಂಗಡಿಯವನು ಮೂರು ಗಲ್ಲಾಗಳ ಹಣ ಕೂಡಿಸುವುದಕ್ಕಿಂತ ಹೆಚ್ಚಿನದು ಅದರಲ್ಲಿ ಏನೂ ಇಲ್ಲ. ಕೆಟ್ಟ ಪೀಸು ಹುಟ್ಟಲು ಮೂರು ದಾರಿಗಳಿವೆ. ಪ್ರತಿ ದಾರಿಯಲ್ಲಿ ಎಷ್ಟು ಬಂದವೆಂದು ನೋಡಿ, ಕೂಡಿಸಿ. 10,000ಕ್ಕೆ 270. ಬಿನ್ನಿಗೆ ಕೈ ಹಾಕಿದರೆ ಕೆಟ್ಟ ಪೀಸು ಸಿಗುವ ಸಂಭವನೀಯತೆ ಶೇ 2.7.

ಹಾಗಾದರೆ ಆ ಕೆಂಪು ಅಕ್ಷರದ 3.67 ಎಲ್ಲಿಂದ ಬಂತು? 2, 3, 6 ಕೂಡಿಸಿ ಮೂರರಿಂದ ಭಾಗಿಸಿದರೆ ಬರುತ್ತದೆ. ಮೂರೂ ಯಂತ್ರಗಳು ಸಮನಾಗಿ ಮಾಲು ಮಾಡಿದ್ದರೆ ಮಾತ್ರ ಅದು ಸರಿ. ಇಲ್ಲಿ ಒಂದು ಯಂತ್ರ ಇನ್ನೊಂದರ ಆರು ಪಟ್ಟು ಮಾಡುತ್ತಿದೆ. ಶೇ 3.67 ನಿಜವಾಗಿದ್ದರೆ 367 ಪೀಸು ರಿಜೆಕ್ಟ್ ಆಗಿರಬೇಕಿತ್ತು. ಅದೇ ಕೈ, ಅದೇ ಪೆನ್ನು ಪಕ್ಕದಲ್ಲೇ 270 ಎಂದು ಬರೆದಿದೆ. ಎರಡು ಸಾಲುಗಳು ಒಂದನ್ನೊಂದು ಸುಳ್ಳು ಎನ್ನುತ್ತಾ ಒಂದು ವಾರ ಬೋರ್ಡಿನ ಮೇಲೆ ನೇತಾಡಿವೆ, ಯಾರೂ ಗಮನಿಸಿಲ್ಲ. ತಮಾಷೆ ಎಂದರೆ ಆ ತಪ್ಪು ಸರಾಸರಿಯಿಂದಲೂ ಕಾಣದ ಅಂಕಿಯನ್ನು ಹಿಡಿಯಬಹುದಿತ್ತು: 3.67ರ ಮೂರು ಪಟ್ಟು 11, ಅದರಲ್ಲಿ 2 ಮತ್ತು 3 ಕಳೆದರೆ 6. ತಪ್ಪನ್ನು ಕ್ರಮವಾಗಿ ಮಾಡಿದರೆ ಅದೂ ಸಾಕ್ಷಿ ಹೇಳುತ್ತದೆ.

ಈಗ ಹಿಮ್ಮುಖ ಪ್ರಶ್ನೆ. ಪೀಸು ಕೈಯಲ್ಲಿದೆ, ಅದು ಕೆಟ್ಟಿದೆ, ಎಲ್ಲಿಂದ ಬಂತು? ಆ 270 ಕೆಟ್ಟ ಪೀಸುಗಳನ್ನು ಒಂದು ಹಳೆಯ ಪತ್ರಿಕೆಯ ಮೇಲೆ ಸುರಿಯಿರಿ. ಅದರಲ್ಲಿ 120 ಎಂ-1ರವು, 90 ಎಂ-2ರವು, 60 ಎಂ-3ರವು. ಕಣ್ಣು ಮುಚ್ಚಿ ಒಂದನ್ನು ಎತ್ತಿದರೆ ಅದು ಎಂ-1ರದ್ದಾಗಿರುವ ಸಂಭವನೀಯತೆ 270ರಲ್ಲಿ 120, ಅಂದರೆ ಶೇ 44. ಎಂ-2ರದ್ದು ಶೇ 33. ಎಂ-3ರದ್ದು ಶೇ 22. ಲೆಕ್ಕ ಮುಗಿಯಿತು. ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿ 1761ರಲ್ಲಿ ತೀರಿಕೊಂಡ ಮೇಲೆ, ಈ ಹಿಮ್ಮುಖ ವಿಚಾರದ ಬಗ್ಗೆ ಆತ ಬರೆದಿಟ್ಟಿದ್ದ ಕಾಗದಗಳನ್ನು ಸ್ನೇಹಿತ ರಿಚರ್ಡ್ ಪ್ರೈಸ್ ರಾಯಲ್ ಸೊಸೈಟಿಗೆ ಕಳಿಸಿಕೊಟ್ಟ, 1763ರಲ್ಲಿ ಅವು ಅಚ್ಚಾದವು. ಪತ್ರಿಕೆಯ ಮೇಲೆ ಸುರಿದು ಎಣಿಸುವುದಕ್ಕೆ ಪಾದ್ರಿಯ ಅಪ್ಪಣೆ ಬೇಕಾಗಿಲ್ಲ.

ಆದರೆ ಸೂಪರ್‌ವೈಸರ್ ಮಹಾಶಯರ ತಕರಾರು ಲೆಕ್ಕದ ಮೇಲಲ್ಲ, ನಂಬಿಕೆಯ ಮೇಲೆ. "ಹೆಚ್ಚು ಕೆಡಿಸುವ ಯಂತ್ರದಿಂದಲೇ ಕೆಟ್ಟ ಪೀಸು ಬಂದಿರುತ್ತದೆ" ಎಂಬ ಈ ನಂಬಿಕೆ ಬೇರುಸಹಿತ ಕಿತ್ತರೂ ಮಳೆ ಬಿದ್ದರೆ ಚಿಗುರುವ ಗರಿಕೆಯಂಥದ್ದು. ತರಗತಿಯಲ್ಲಿ ಇಪ್ಪತ್ತು ವರ್ಷ ಕಿತ್ತಿದ್ದೇನೆ. ಸೂತ್ರ ಹಾಕಿ ಸರಿಯುತ್ತರ ಬರೆದು ಪೂರ್ತಿ ಅಂಕ ಪಡೆದ ಹುಡುಗನೇ ಹೊರಗೆ ಹೋಗುವಾಗ ಸ್ನೇಹಿತನಿಗೆ "ಹೆಚ್ಚು ಕೆಡಿಸುವುದು ಅದೇ ಅಲ್ಲವೇನೋ" ಎನ್ನುವುದನ್ನು ಕೇಳಿಸಿಕೊಂಡಿದ್ದೇನೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.

ಮೊದಲು, ಆ ಶೇ 6 ಯಾವುದರ ಶೇಕಡಾ ಎಂದು ಕೇಳಿಕೊಳ್ಳಿ. ಎಂ-3 ಮಾಡಿದ ಪೀಸುಗಳಲ್ಲಿ ಶೇ 6. ಅಂದರೆ ನೀವು ಎಂ-3ರ ಪಕ್ಕದಲ್ಲಿ ನಿಂತು, ಅದರಿಂದ ಈಗಷ್ಟೇ ಬಿದ್ದ ಬಿಸಿ ಪೀಸನ್ನು ಎತ್ತಿ, ಇದು ಕೆಟ್ಟಿರಬಹುದೇ ಎಂದು ಕೇಳಿದರೆ ಉತ್ತರ ಶೇ 6. ಅಲ್ಲಿ ಯಂತ್ರ ಗೊತ್ತು, ಪೀಸಿನ ಗುಣ ಗೊತ್ತಿಲ್ಲ. ಕೊನೆಯ ತಪಾಸಣೆಯ ಮೇಜಿನಲ್ಲಿ ಇದು ತಿರುಗುಮುರುಗು: ಗೇಜ್ ಹಾಕಿ ನೋಡಿಯಾಗಿದೆ, ಪೀಸಿನ ಗುಣ ಗೊತ್ತು, ಯಂತ್ರ ಗೊತ್ತಿಲ್ಲ. ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವುದೇ ಇಡೀ ಮಿಥ್ಯೆಯ ಮೂಲ. ಇದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆಯಿದೆ. "ಎಲ್ಲಿಂದ ಬಂತು" ಎಂಬ ಪ್ರಶ್ನೆಯ ಮೂರು ಉತ್ತರಗಳು ಸೇರಿ ನೂರಾಗಲೇಬೇಕು, ಪೀಸು ಆಕಾಶದಿಂದ ಉದುರಿಲ್ಲವಲ್ಲ. 44, 33, 22 (ಚಿಲ್ಲರೆ ಸೇರಿಸಿ) ನೂರಾಗುತ್ತದೆ. 2, 3, 6 ಸೇರಿದರೆ ಹನ್ನೊಂದು. ಹನ್ನೊಂದಕ್ಕೆ ನಿಲ್ಲುವ ಅಂಕಿಗಳು ಪಾಲಿನ ಲೆಕ್ಕ ಆಗಲಾರವು.

ಎರಡನೆಯದಾಗಿ, ಎಂ-3ರ ಬೆಲ್ಟು ಹರಿದು ಅದು ಅರ್ಧ ವಾರ ನಿಂತಿತ್ತು ಎಂದುಕೊಳ್ಳಿ. ಅದು 500 ಪೀಸು ಮಾತ್ರ ಮಾಡಿತು, ಅದರಲ್ಲಿ 30 ಕೆಟ್ಟವು. ಉಳಿದ ಎರಡು ಯಂತ್ರಗಳು ಎಂದಿನಂತೆ ನಡೆದವು. ಈಗ ಪತ್ರಿಕೆಯ ಮೇಲಿರುವ ಕೆಟ್ಟ ಪೀಸುಗಳು 240, ಎಂ-3ರವು 30. ಪಾಲು ಶೇ 22ರಿಂದ 12.5ಕ್ಕೆ ಇಳಿಯಿತು. ಎಂ-3 ಕೆಡಿಸುವ ದರ ಒಂದಿಷ್ಟೂ ಅಲುಗಾಡಲಿಲ್ಲ, ಶೇ 6 ಹಾಗೆಯೇ ಇದೆ. ಉತ್ತರ ಮಾತ್ರ ಸುಮಾರು ಅರ್ಧವಾಯಿತು. ಯಂತ್ರವನ್ನು ಪೂರ್ತಿ ನಿಲ್ಲಿಸಿಬಿಟ್ಟರೆ? ಬೋರ್ಡಿನ ಮೇಲೆ ಅದರ ಹೆಸರಿನ ಮುಂದೆ ಶೇ 6 ಎಂದೇ ಇರುತ್ತದೆ, ಬಿನ್ನಿನಲ್ಲಿ ಅದರ ಪೀಸು ಒಂದೂ ಇರುವುದಿಲ್ಲ. ಆಗಲೂ ಎಂ-3ರ ಆಪರೇಟರ್‌ನನ್ನೇ ಕರೆದು ಬೈಯುತ್ತೀರಾ?

ಬೈಯುವ ವಿಷಯ ಬಂದಿತು, ಹೇಳಿಬಿಡುತ್ತೇನೆ. ಕೆಟ್ಟ ಪೀಸು ಸಿಕ್ಕಾಗಲೆಲ್ಲ ಹಳೆಯ ಲೇತಿನ ಆಪರೇಟರ್‌ನನ್ನು ಕರೆಸಿದರೆ, ಒಂಬತ್ತು ಸಲದಲ್ಲಿ ಏಳು ಸಲ ತಪ್ಪು ಮನುಷ್ಯನನ್ನು ಕರೆಸಿದಂತಾಗುತ್ತದೆ. 60ನ್ನು 270ರಿಂದ ಭಾಗಿಸಿದರೆ ಒಂಬತ್ತರಲ್ಲಿ ಎರಡು. ಉಳಿದ ಏಳು ಸಲ ಪೀಸು ಬಂದದ್ದು ಪಕ್ಕದ ಎರಡು ಯಂತ್ರಗಳಿಂದ, ಅವುಗಳ ಆಪರೇಟರ್‌ಗಳು ಆರಾಮವಾಗಿ ಟೀ ಕುಡಿಯುತ್ತಿರುತ್ತಾರೆ.

ಮೂರನೆಯದು, ಮತ್ತು ಇದೇ ಈ ಗರಿಕೆಯ ಬೇರು: ನಂಬಿಕೆಯೊಳಗೆ ಒಂದು ಕಾಳು ಸತ್ಯವಿದೆ. ಪೀಸು ಒಳ್ಳೆಯದೋ ಕೆಟ್ಟದ್ದೋ ನೋಡದೆ ಬಿನ್ನಿನಿಂದ ಎತ್ತಿದರೆ ಅದು ಎಂ-3ರದ್ದಾಗಿರುವ ಸಂಭವ 10,000ಕ್ಕೆ 1000, ಶೇ 10. ಗೇಜ್ ಹಾಕಿ ಕೆಟ್ಟಿದೆ ಎಂದು ತಿಳಿದ ಮೇಲೆ ಅದು ಶೇ 22ಕ್ಕೆ ಏರಿತು, ಎರಡು ಪಟ್ಟಿಗಿಂತ ಹೆಚ್ಚು. ಎಂ-1ರದ್ದು 60ರಿಂದ 44ಕ್ಕೆ ಇಳಿಯಿತು. ಅಂದರೆ ಅನುಮಾನ ಎಂ-3ರ ಕಡೆಗೆ ವಾಲಿದ್ದು ನಿಜ. ಶಿಫ್ಟಿನವರೆಲ್ಲರ ಮನಸ್ಸು ಗಮನಿಸಿದ್ದು ಈ ವಾಲುವಿಕೆಯನ್ನೇ, ಗಮನಿಸಿದ್ದು ಸರಿಯಾಗಿಯೇ ಇದೆ. ಆದರೆ ವಾಲುವುದು ಬೇರೆ, ಮುಂದೆ ಹೋಗುವುದು ಬೇರೆ. ಆರು ಗಾವುದ ಹಿಂದಿದ್ದವನು ವೇಗವಾಗಿ ಓಡಿ ಎರಡೇ ಗಾವುದ ಹಿಂದಿರುವಷ್ಟು ಹತ್ತಿರ ಬಂದ ಮಾತ್ರಕ್ಕೆ ಗೆದ್ದಂತಲ್ಲ.

ಹಾಗಾದರೆ ಎಂ-3 ಯಾವಾಗ ಎಂ-1ನ್ನು ದಾಟುತ್ತದೆ? ಅದು ಎಂ-1ರ ಆರನೇ ಒಂದು ಭಾಗ ಮಾಲು ಮಾಡುತ್ತದೆ. ಆದ್ದರಿಂದ ಎಂ-1ರ ಆರು ಪಟ್ಟು ದರದಲ್ಲಿ ಕೆಡಿಸಿದರೆ ಮಾತ್ರ ಸಮಸಮ: ಶೇ 12, ಅಂದರೆ 120 ಪೀಸು. 12ರ ಮೇಲೆ ಹೋದರೆ ಹಳೆಯ ಲೇತನ್ನು ಮೊದಲು ಅನುಮಾನಿಸಿ. ಅದು ಈಗ ಕೆಡಿಸುತ್ತಿರುವುದು ಮೂರು ಪಟ್ಟು ಮಾತ್ರ.

ಇಷ್ಟು ಹೇಳಿದರೂ ತಲೆ ಅಲ್ಲಾಡಿಸುವವರಿಗಾಗಿ ನನ್ನ ಬಳಿ ಹುಣಸೆ ಬೀಜಗಳಿವೆ. ಒಟ್ಟು 27, ಒಂದು ಬೀಜ ಹತ್ತು ಕೆಟ್ಟ ಪೀಸಿಗೆ ಸಮ. ಹನ್ನೆರಡಕ್ಕೆ ಕೆಂಪು ಬಣ್ಣ, ಒಂಬತ್ತಕ್ಕೆ ಹಳದಿ, ಆರಕ್ಕೆ ಬಿಳಿ. ಡಬ್ಬಿಗೆ ಹಾಕಿ, ಕಲಕಿ, ನೋಡದೆ ಒಂದು ತೆಗೆದು, ಬಣ್ಣ ಬರೆದುಕೊಂಡು ಮತ್ತೆ ಹಾಕುವುದು. ಮೊದಲ ವರ್ಷ ನಾನು ಬಣ್ಣದ ಗೋಜಿಗೆ ಹೋಗದೆ, ಎಂ-3ರ ಆರು ಬೀಜಗಳನ್ನು ಚೌಕಾಬಾರಕ್ಕೆ ಉಜ್ಜುವಂತೆ ಕಲ್ಲಿನ ಮೇಲೆ ಉಜ್ಜಿ ಬಿಳಿ ಮಾಡಿದ್ದೆ. ಹಿಂದಿನ ಬೆಂಚಿನ ಒಬ್ಬಳು ಪ್ರತಿ ಸಲವೂ ಬಿಳಿಯದನ್ನೇ ತೆಗೆಯತೊಡಗಿದಳು. ಉಜ್ಜಿದ ಬೀಜದ ಚಪ್ಪಟೆ ಮೈ ಬೆರಳಿಗೆ ಸಿಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ತಲೆ ತಗ್ಗಿಸಿ ಬಣ್ಣ ತಂದೆ. ಆದರೆ ಆ ಹುಡುಗಿ ತೋರಿಸಿದ್ದು ಕಾರ್ಖಾನೆಗೂ ಸಲ್ಲುತ್ತದೆ: ನಮ್ಮ 44–33–22 ನಿಲ್ಲುವುದು ಪೀಸನ್ನು ಬೇರೆ ಯಾವ ಗುರುತೂ ನೋಡದೆ ಎತ್ತಿದಾಗ ಮಾತ್ರ. ಎಂ-3ರ ಪೀಸಿನ ಮೇಲೆ ಟೂಲಿನ ಗೀರು ಬೇರೆ ಬಗೆಯದಾಗಿದ್ದರೆ, ಅಥವಾ ಅದರ ಮಾಲು ಕೊನೆಗೆ ಬಂದು ಬಿನ್ನಿನ ಮೇಲ್ಪದರದಲ್ಲೇ ಕುಳಿತಿದ್ದರೆ, ನಿಮ್ಮ ಕೈ ಹೆಚ್ಚು ಸಲ ಎಂ-3ರ ಮೇಲೇ ಬೀಳುತ್ತದೆ. ಆಗ ಪಟ್ಟಿಯ ಲೆಕ್ಕ ನಿಮ್ಮ ಬಿನ್ನಿನ ಲೆಕ್ಕ ಆಗಿರುವುದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಎಚ್ಚರ. ನೀವು ಕಳಿಸಿದ್ದು ಪ್ರತಿ ಯಂತ್ರದ ಪಕ್ಕದಲ್ಲೇ ಗೇಜ್ ಹಿಡಿದು ಎಣಿಸಿದ ವಾರದ ಪಟ್ಟಿ. ಈ ವಾರವೂ ಯಂತ್ರಗಳು ಅದೇ ಪ್ರಮಾಣದಲ್ಲಿ, ಅದೇ ಸ್ಥಿತಿಯಲ್ಲಿ ನಡೆಯುತ್ತಿವೆ ಎಂದು ಒಪ್ಪಿಕೊಂಡು ಹಿಮ್ಮುಖವಾಗಿ ಹೋಗುತ್ತಿದ್ದೇವೆ. ತಪಾಸಣೆ ದಾಟಿ ಗಿರಾಕಿಯ ಮನೆಗೆ ಹೋಗಿ ವಾಪಸ್ ಬಂದ ಪೀಸಿಗೆ ಇದೇ ಪಟ್ಟಿಯನ್ನು ಹಿಡಿಯಬೇಡಿ. ಆ 270 ಸಿಕ್ಕಿಬಿದ್ದವು. ವಾಪಸ್ ಬಂದದ್ದು ತಪ್ಪಿಸಿಕೊಂಡದ್ದು. ತಪ್ಪಿಸಿಕೊಂಡವುಗಳ ಪಟ್ಟಿ ಬೇರೆಯೇ ಬೇಕು.

ಪ್ರಶ್ನೆ ಇಲ್ಲಿಗೆ ಮುಗಿಯಿತು. ಯಾರೂ ಕೇಳದ ಇನ್ನೊಂದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಬಿನ್ನಿನ ಬದಲು ಟ್ರೇಗಳಿವೆ ಎಂದುಕೊಳ್ಳಿ. ಪ್ರತಿ ಟ್ರೇಯಲ್ಲಿ ಒಂದೇ ಯಂತ್ರದ ಮಾಲು, ಎಲ್ಲ ಟ್ರೇಗಳ ಅಳತೆಯೂ ಒಂದೇ, ಚೀಟಿ ಮಾತ್ರ ಕಳಚಿಹೋಗಿದೆ. ಒಂದು ಟ್ರೇಯಿಂದ ಒಂದು ಪೀಸು ತೆಗೆದಿರಿ, ಕೆಟ್ಟಿದೆ. ಇಲ್ಲಿಯವರೆಗೆ ಹಳೆಯ ಲೆಕ್ಕವೇ: ಎಂ-1, ಎಂ-2, ಎಂ-3ರ ಪಾಲು 4, 3, 2. ಅದೇ ಟ್ರೇಯಿಂದ ಇನ್ನೊಂದು ತೆಗೆದಿರಿ, ಅದೂ ಕೆಟ್ಟಿದೆ. ಈಗ ಪ್ರತಿ ಪಾಲನ್ನೂ ಆ ಯಂತ್ರದ ರಿಜೆಕ್ಷನ್ ದರದಿಂದ ಗುಣಿಸಿ. ಎಂ-1ಕ್ಕೆ 4ನ್ನು 2ರಿಂದ, 8. ಎಂ-2ಕ್ಕೆ 3ನ್ನು 3ರಿಂದ, 9. ಎಂ-3ಕ್ಕೆ 2ನ್ನು 6ರಿಂದ, 12. ಒಟ್ಟು 29. ಸಾಲು ಪೂರ್ತಿ ತಲೆಕೆಳಗಾಯಿತು: ಎಂ-3 ಶೇ 41ಕ್ಕೆ ಏರಿ ಮುಂದೆ ಬಂತು, ಎಂ-1 ಶೇ 28ಕ್ಕೆ ಇಳಿದು ಕೊನೆಗೆ ಹೋಯಿತು. ಮೂರನೆಯದೂ ಕೆಟ್ಟದ್ದೇ ಸಿಕ್ಕರೆ ಪಾಲುಗಳು 16, 27, 72 ಆಗುತ್ತವೆ. ಎಂ-3 ಶೇ 63ರ ಹತ್ತಿರ.

ಅಂದರೆ ಸೂಪರ್‌ವೈಸರ್ ಅವರ ನಂಬಿಕೆಗೂ ಒಂದು ದಿನ ಬರುತ್ತದೆ. ಒಂದು ಪೀಸಿನ ಸಾಕ್ಷಿಗೆ ಉತ್ಪಾದನೆಯ ಭಾರವನ್ನು ಎತ್ತುವ ಶಕ್ತಿ ಇರಲಿಲ್ಲ. ಒಂದೇ ಟ್ರೇಯ ಎರಡು ಪೀಸು ಸೇರಿ ಎತ್ತಿದವು. ಒಂದೇ ಟ್ರೇ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬೆರೆತ ಬಿನ್ನಿನಿಂದ ಎರಡು ಕೆಟ್ಟ ಪೀಸು ತೆಗೆದರೆ ಅವು ಒಂದೇ ಯಂತ್ರದವಾಗಬೇಕೆಂದಿಲ್ಲ, ಎರಡನೆಯದು ಮೊದಲನೆಯದರ ತವರನ್ನು ಹೇಳುವುದಿಲ್ಲ. ಅಲ್ಲಿ ಹತ್ತು ಕೆಟ್ಟ ಪೀಸು ಸಿಕ್ಕರೂ ಪ್ರತಿಯೊಂದಕ್ಕೂ ಮತ್ತೆ 44–33–22ರ ಲೆಕ್ಕವೇ.

ಟ್ರೇಯ ಲೆಕ್ಕದಲ್ಲಿಯೂ ಒಂದು ಮುಳ್ಳಿದೆ, ಲೇತ್ ಓಡಿಸಿದವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ನಾನು ಮತ್ತೆ ಮತ್ತೆ ಗುಣಿಸಿದ್ದು, ಒಂದು ಪೀಸು ಕೆಡುವುದಕ್ಕೂ ಅದೇ ಯಂತ್ರದ ಮುಂದಿನದು ಕೆಡುವುದಕ್ಕೂ ಸಂಬಂಧವಿಲ್ಲ ಎಂದು ಇಟ್ಟುಕೊಂಡು. ಟೂಲಿನ ಕತ್ತರಿಸುವ ತುದಿಯಾದ ಇನ್ಸರ್ಟ್ ಚೂರು ಕಿತ್ತುಹೋದರೆ ಹಾಗಾಗುವುದಿಲ್ಲ. ಆಪರೇಟರ್ ಗಮನಿಸಿ ನಿಲ್ಲಿಸುವವರೆಗೆ ಸಾಲಾಗಿ ಹತ್ತಿಪ್ಪತ್ತು ಪೀಸು ಕೆಡುತ್ತವೆ. ಎಂ-1ರ ಶೇ 2 ಕೂಡ ಹೀಗೆ ಗೊಂಚಲು ಗೊಂಚಲಾಗಿ ಬರುವಂಥದ್ದಾದರೆ, ಅದರ ಟ್ರೇಯಲ್ಲಿ ಒಂದು ಕೆಟ್ಟದ್ದರ ಪಕ್ಕ ಇನ್ನೊಂದು ಸಿಗುವುದು ಏನೇನೂ ಅಪರೂಪವಲ್ಲ. ಆಗ ಎರಡನೇ ಪೀಸು ಹೊಸ ಸಾಕ್ಷಿಯಲ್ಲ, ಮೊದಲ ಸಾಕ್ಷಿಯ ಮಾತನ್ನೇ ಮತ್ತೊಮ್ಮೆ ಹೇಳುವ ಅದರ ತಮ್ಮ. 8–9–12ರ ಲೆಕ್ಕ ಹಾಕುವ ಮೊದಲು, ಕೆಟ್ಟ ಪೀಸುಗಳು ಚದುರಿ ಬರುತ್ತವೆಯೋ ಗೊಂಚಲಾಗಿ ಬರುತ್ತವೆಯೋ ನೋಡಬೇಕು. ಪ್ರತಿ ಯಂತ್ರದ ಬಳಿ ಒಂದು ನೋಟ್‌ಬುಕ್ ಇಟ್ಟು, ಕೆಟ್ಟ ಪೀಸು ಬಂದಾಗ ಅದು ಎಷ್ಟನೆಯದು ಎಂದು ಬರೆಸಿದರೆ ಒಂದು ವಾರದಲ್ಲಿ ತಿಳಿಯುತ್ತದೆ. 412, 413, 414, 415 ಎಂದಿದ್ದರೆ ಗೊಂಚಲು. 37, 190, 655 ಎಂದಿದ್ದರೆ ಗುಣಿಸಬಹುದು.

ಸೂಪರ್‌ವೈಸರ್ ಅವರೇ, ಆ ನೋಟ್‌ಬುಕ್ಕಿನ ಪುಟಗಳನ್ನು ಕಳಿಸಿ, ಮುಂದಿನದನ್ನು ನಿಮ್ಮ ಮಗಳೇ ಮಾಡುತ್ತಾಳೆ. ಫೋಟೋ ತೆಗೆಯುವಾಗ ಮಾತ್ರ ಪ್ಲಾಸ್ಟಿಕ್ ಹಾಳೆಯನ್ನು ಪಕ್ಕಕ್ಕೆ ಸರಿಸಿ.